ಕಣ್ಣಿಗೆ ಧೂಳು, ನುಸಿ ಬಿದ್ದರೆ ತಿಕ್ಕಬೇಡಿ, ತೊಳೆಯಿರಿ

ಸನತ್‌ನಗರ, ಬಾಲಾನಗರದ ಕಡೆ ಬೈಕಿನಲ್ಲಿ ಓಡಾಡುವವರಿಗೆ ಕಾರ್ಖಾನೆ ಧೂಳು, ಸಂಜೆಯ ನುಸಿ ಎರಡೂ ಪರಿಚಯವೇ. ಈ ವಾರ ಅದರ ಬಗ್ಗೆ.

ನಮ್ಮ ಪಕ್ಕದ ಮನೆಯ ಬೀದರ್ ಕಡೆಯ ಹುಡುಗ ಒಂದು ಸಂಜೆ ಹೆಲ್ಮೆಟ್ ಗಾಜು ಎತ್ತಿಕೊಂಡು ಕೆಲಸದಿಂದ ಬರುತ್ತಿದ್ದ. ಕಣ್ಣಿಗೆ ನುಸಿ ಬಡಿಯಿತು. ಸಿಗ್ನಲ್‌ನಲ್ಲಿ ನಿಂತು ಚೆನ್ನಾಗಿ ತಿಕ್ಕಿದ. ಮನೆಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹೆಂಡತಿ "ತಿಕ್ಕಬ್ಯಾಡ್ರೀ, ನೀರು ಹಾಕ್ತೀನಿ" ಅಂದರೂ ಕೇಳದೆ ಮತ್ತೆ ತಿಕ್ಕಿದ. ರಾತ್ರಿ ಕಣ್ಣು ತೆರೆಯಲೂ ಆಗಲಿಲ್ಲ. ಮರುದಿನ ವೈದ್ಯರು ಮೇಲಿನ ರೆಪ್ಪೆಯನ್ನು ಮಡಚಿ ನೋಡಿದರೆ, ಒಳಗೆ ನುಸಿಯ ರೆಕ್ಕೆಯ ಚೂರು ಅಂಟಿಕೊಂಡಿತ್ತು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಪ್ಪುಗುಡ್ಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಎಳೆದಂಥ ಹಸಿರು ಗೀರುಗಳು ಕಂಡವು.

*ಗೀರು ಬಿದ್ದದ್ದು ಹೇಗೆ?*
ಕಪ್ಪುಗುಡ್ಡೆಯ ಮುಂದೆ ಕಾರ್ನಿಯಾ ಎಂಬ ಪಾರದರ್ಶಕ ಪದರ ಇದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ, ಆದರೆ ಅದರಲ್ಲಿ ನರಗಳು ತುಂಬ ದಟ್ಟವಾಗಿವೆ. ಹೀಗಾಗಿ ಸಾಸಿವೆಗಿಂತ ಸಣ್ಣ ಕಸವೂ ಕಲ್ಲಿನಂತೆ ಅನಿಸುತ್ತದೆ. ಮೇಲಿನ ರೆಪ್ಪೆಯ ಒಳಬದಿಯಲ್ಲಿ, ಅಂಚಿನ ಹತ್ತಿರವೇ, ಒಂದು ಸಣ್ಣ ಕಾಲುವೆ ಇದೆ. ಕಸ ಅಲ್ಲಿ ಸಿಕ್ಕಿಕೊಂಡರೆ ಪ್ರತಿ ಸಲ ರೆಪ್ಪೆ ಬಡಿದಾಗಲೂ ಕಾರ್ನಿಯಾವನ್ನು ಗೀರುತ್ತದೆ. ರೆಪ್ಪೆ ಮೇಲೆ ಕೆಳಗೆ ಆಡುವುದರಿಂದಲೇ ಗೀರುಗಳೂ ಉದ್ದಕ್ಕೆ ಇರುತ್ತವೆ. ತಿಕ್ಕಿದರೆ ಅದೇ ಕಸವನ್ನು ಬೆರಳಿನ ಒತ್ತಡ ಹಾಕಿ ಉಜ್ಜಿದಂತೆ. ನುಸಿಯಾದರೆ ಜಜ್ಜಿ ಚೂರಾಗುತ್ತದೆ. ಕೆಲವು ಹುಳಗಳ ರಸ ಕಣ್ಣನ್ನೂ ರೆಪ್ಪೆಯನ್ನೂ ಸುಡುತ್ತದೆ. ತಿಕ್ಕಿದಾಗ ಒಂದು ಕ್ಷಣ ಹಾಯೆನಿಸುವುದು ನಿಜ, ಆದರೆ ಕಸ ಅಲ್ಲೇ ಇರುತ್ತದೆ.

*ತೊಳೆಯುವ ಕ್ರಮ*
1. ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ.
2. ಕುಡಿಯುವ ಶುದ್ಧ ನೀರನ್ನು ಲೋಟದಲ್ಲಿ ತೆಗೆದುಕೊಳ್ಳಿ. ತೀರ ತಣ್ಣಗೂ ಬೇಡ, ಬಿಸಿಯೂ ಬೇಡ.
3. ಕಸ ಬಿದ್ದ ಕಣ್ಣು ಕೆಳಗೆ ಬರುವಂತೆ ತಲೆಯನ್ನು ಒಂದು ಬದಿಗೆ ವಾಲಿಸಿ. ಎರಡು ಬೆರಳಿನಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿಯಿರಿ.
4. ಮೂಗಿನ ಕಡೆಯ ಮೂಲೆಯಿಂದ ಕಿವಿಯ ಕಡೆಗೆ ಹರಿಯುವಂತೆ ನಿಧಾನವಾಗಿ ನೀರು ಸುರಿಯಿರಿ. ಆಗ ಕಸ ಇನ್ನೊಂದು ಕಣ್ಣಿಗೆ ಹೋಗುವುದಿಲ್ಲ. ಮುಖಕ್ಕೆ ನೀರು ಎರಚಿಕೊಂಡರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಹೋಗುವುದೇ ಇಲ್ಲ.
5. ಸುರಿಯುವಾಗ ಕಣ್ಣುಗುಡ್ಡೆಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ. ಐದು ನಿಮಿಷವಾದರೂ ಹೀಗೆ ಮಾಡಿ.
6. ಇನ್ನೂ ಚುಚ್ಚುತ್ತಿದ್ದರೆ ಮೇಲಿನ ರೆಪ್ಪೆಯನ್ನು ರೆಪ್ಪೆಗೂದಲು ಹಿಡಿದು ಮೆಲ್ಲಗೆ ಕೆಳಗಿನ ರೆಪ್ಪೆಯ ಮೇಲೆ ಎಳೆದು ಬಿಡಿ. ಕೆಳಗಿನ ಕೂದಲು ಸಣ್ಣ ಪೊರಕೆಯಂತೆ ಒಳಬದಿಯ ಕಸವನ್ನು ಗುಡಿಸುತ್ತದೆ. ಆಮೇಲೆ ಮತ್ತೊಮ್ಮೆ ತೊಳೆಯಿರಿ.

ಕಸ ಬಿಳಿ ಭಾಗದಲ್ಲೋ ಕೆಳರೆಪ್ಪೆಯ ಒಳಗೋ ಕಂಡರೆ ಒದ್ದೆ ಮಾಡಿದ ಶುದ್ಧ ಬಟ್ಟೆಯ ತುದಿಯಿಂದ ಎತ್ತಬಹುದು. ಕಪ್ಪುಗುಡ್ಡೆಯ ಮೇಲಿದ್ದರೆ ಮುಟ್ಟಲೇಬೇಡಿ. ನಾಲಿಗೆಯಿಂದ ತೆಗೆಯುವುದು, ಬಾಯಿಂದ ಊದುವುದು, ಹರಳೆಣ್ಣೆ ಅಥವಾ ಎದೆಹಾಲು ಹಾಕುವುದು ಬೇಡ. ಗೀರಾದ ಜಾಗಕ್ಕೆ ಸೋಂಕು ಸೇರುವ ದಾರಿ ಅದೇ.

*ಕಸ ಹೋದ ಮೇಲೆ*
ಸಣ್ಣ ಗೀರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಮಾಯುತ್ತದೆ. ಅಲ್ಲಿಯವರೆಗೆ ಕಸ ಇನ್ನೂ ಇದ್ದಂತೆಯೇ ಅನಿಸಬಹುದು. ನೋವು ತಾಸಿನಿಂದ ತಾಸಿಗೆ ಕಡಿಮೆಯಾಗುತ್ತಿದ್ದರೆ ಕಾಯಬಹುದು. ನೋವು ಹೆಚ್ಚಿದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ, ಕೀವು ಬಂದರೆ ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಹನಿ ಔಷಧ ತರಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ.

*ಎರಡು ಸಂದರ್ಭ ಬೇರೆ*
ಗ್ರೈಂಡಿಂಗ್, ಸುತ್ತಿಗೆ ಕೆಲಸದಲ್ಲಿ ಹಾರಿದ ಕಬ್ಬಿಣದ ಚೂರು ಕಣ್ಣಿನೊಳಗೇ ಹೊಕ್ಕಿರಬಹುದು; ಮೇಲ್ಮೈಯಲ್ಲಿ ನಾಟಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಒತ್ತಬೇಡಿ, ಕೆದಕಬೇಡಿ, ಕಣ್ಣಿಗೆ ತಾಗದಂತೆ ಒಂದು ಕಾಗದದ ಕಪ್ ಮುಚ್ಚಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಎಲೆ ಅಡಿಕೆಯ ಸುಣ್ಣ, ಸಿಮೆಂಟ್, ಆಸಿಡ್ ಬಿದ್ದರೆ ತಡಮಾಡದೆ ಅಲ್ಲೇ ಸಿಕ್ಕ ನಲ್ಲಿ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು, ಆಮೇಲೆ ಹೊರಡಿ.

ಕಾರ್ಡ್ ಇದ್ದವರಿಗೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ ಇದೆ. ಮೆಹದಿಪಟ್ಟಣದಲ್ಲಿ ಸರೋಜಿನಿ ದೇವಿ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ತೆಲುಗು ಬಾರದವರು ಹೇಳಬೇಕಾದ್ದು ಇಷ್ಟೇ: "ಕಂಟ್ಲೋ ನಲುಸು ಪಡಿಂದಿ".

ಆ ಹುಡುಗನಿಗೆ ರೆಕ್ಕೆ ತೆಗೆದು ಹನಿ ಕೊಟ್ಟರು, ಮೂರನೇ ದಿನ ಕೆಲಸಕ್ಕೆ ಹೋದ. ಈಗ ಹೆಲ್ಮೆಟ್ ಗಾಜು ಇಳಿಸಿಯೇ ಗಾಡಿ ಓಡಿಸುತ್ತಾನೆ. ನಿಮ್ಮ ಮನೆಯಲ್ಲಿ ಬೈಕ್ ಓಡಿಸುವವರಿಗೆ ಇದನ್ನು ಕಳಿಸಿ.