ಡಾಲರ್ ಕೊಂಡು ಮಾರಿದರೆ ಕೈ ಕಚ್ಚುವುದೇಕೆ?

ಮೊಬೈಲ್‌ನಲ್ಲಿ ಡಾಲರ್ ದರ 85 ರೂಪಾಯಿ ಎಂದು ಕಾಣಿಸುತ್ತಿದೆ ಎಂದುಕೊಳ್ಳಿ. ವಿನಿಮಯ ಕೌಂಟರಿಗೆ ಹೋದರೆ ಆ ದರಕ್ಕೆ ಯಾರೂ ಡಾಲರ್ ಕೊಡುವುದಿಲ್ಲ, ಕೊಳ್ಳುವುದೂ ಇಲ್ಲ. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂಕಿ ಅದು. ಕೌಂಟರಿನ ಬೋರ್ಡಿನಲ್ಲಿ ಎರಡು ದರಗಳಿರುತ್ತವೆ: ಮಾರುವುದು 87.50, ಕೊಳ್ಳುವುದು 82.50. ಇಲ್ಲಿ ಮಾರುವವರು, ಕೊಳ್ಳುವವರು ಎಂದರೆ ಅಂಗಡಿಯವರು. ನಾವು ಡಾಲರ್ ಕೊಳ್ಳುವಾಗ ‘ಮಾರುವ’ ದರ ನೋಡಬೇಕು. ಅನೇಕರು ಎಡವುವುದು ಇಲ್ಲೇ.

ಒಬ್ಬರು ಅಮೆರಿಕಕ್ಕೆ ಹೊರಟು 1,000 ಡಾಲರ್ ಕೊಂಡರು. ಬೆಲೆ 87,500 ರೂಪಾಯಿ. ಒಂದು ಲಕ್ಷದೊಳಗಿನ ವಿನಿಮಯಕ್ಕೆ ಮೊತ್ತದ ಶೇ 1 ಭಾಗವನ್ನು ಸೇವೆಯ ಬೆಲೆಯೆಂದು ಹಿಡಿದು, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುವ ಕ್ರಮವಿದೆ. ಆ ಲೆಕ್ಕದಲ್ಲಿ 157.50 ಸೇರಿ ಒಟ್ಟು 87,657.50 ಆಯಿತು. ಅಷ್ಟರಲ್ಲಿ ಪ್ರಯಾಣ ರದ್ದಾಯಿತು. ಅದೇ ದಿನ ಅದೇ ಕೌಂಟರಿಗೆ ನೋಟುಗಳನ್ನು ವಾಪಸ್ ಕೊಟ್ಟರೆ ಸಿಗುವುದು 82,500, ಅದರಲ್ಲೂ 148.50 ತೆರಿಗೆ ಹೋಗುತ್ತದೆ. ಕೈಗೆ ಬಂದದ್ದು 82,351.50. ಡಾಲರ್ ಬೆಲೆ ಒಂದು ಪೈಸೆಯೂ ಅಲುಗಾಡದಿದ್ದರೂ 5,306 ರೂಪಾಯಿ ಖೋತಾ! ತೆರಿಗೆಯ ಪಾಲು 306 ಮಾತ್ರ, ಉಳಿದ 5,000 ಎರಡು ದರಗಳ ಅಂತರದ್ದು. ‘ಕಮಿಷನ್ ಇಲ್ಲ’ ಎಂಬ ಬೋರ್ಡು ಸುಳ್ಳೇನಲ್ಲ, ಕಮಿಷನ್ ದರದೊಳಗೇ ಅಡಗಿರುತ್ತದೆ ಅಷ್ಟೆ.

ಈ ಅಂತರ ಬರೀ ಲಾಭಕೋರತನವೂ ಅಲ್ಲ. ನೋಟುಗಳನ್ನು ತರಿಸಿ ಭದ್ರವಾಗಿಡಬೇಕು, ಬಾಡಿಗೆ ಕಟ್ಟಬೇಕು, ಮಾರಾಟವಾಗುವವರೆಗೆ ದರ ಕುಸಿದರೆ ನಷ್ಟ ತಾಳಬೇಕು. ಹಾಗಾಗಿಯೇ ದುಬಾರಿ ಬಾಡಿಗೆಯ ವಿಮಾನ ನಿಲ್ದಾಣದಲ್ಲಿ ಅಂತರ ದೊಡ್ಡದು, ಪೈಪೋಟಿಯಿರುವ ಪೇಟೆಯಲ್ಲಿ ಚಿಕ್ಕದು. ಆದರೆ ಎಷ್ಟೇ ಪೈಪೋಟಿಯಿದ್ದರೂ ಅಂತರ ಸೊನ್ನೆಗಿಂತ ಕೆಳಗಿಳಿಯದು. ಅಂಗಡಿಯವರು 84ಕ್ಕೆ ಮಾರಿ 85ಕ್ಕೆ ಕೊಳ್ಳುವಂತಿದ್ದರೆ, ನಾವು ಅಲ್ಲೇ ನಿಂತು ಕೊಂಡು ಮಾರುತ್ತಾ ಸಂಜೆಯೊಳಗೆ ಅವರ ಗಲ್ಲಾಪೆಟ್ಟಿಗೆ ಖಾಲಿ ಮಾಡಬಹುದಿತ್ತು.

ನಷ್ಟ ತುಂಬಿ ಬರಬೇಕಾದರೆ ಅಂಗಡಿಯವರು ಕೊಳ್ಳುವ ದರವೇ 87.50 ದಾಟಬೇಕು. ಅಂದರೆ ಡಾಲರ್ ಐದು ರೂಪಾಯಿಗೂ ಹೆಚ್ಚು ಏರಬೇಕು. ಅದನ್ನು ನೆಚ್ಚಿ ಕೂರುವುದಕ್ಕಿಂತ, ಕೊಳ್ಳುವ ಮೊದಲು ಎರಡೂ ದರಗಳನ್ನು ಒಟ್ಟಿಗೇ ಕೇಳಿಬಿಡುವುದು ವಾಸಿ. ಒಂದನ್ನೇ ಹೇಳಿ ಇನ್ನೊಂದಕ್ಕೆ ತಡವರಿಸುವ ಕೌಂಟರಿನಲ್ಲಿ ಅಂತರ ದೊಡ್ಡದಿರುವ ಸಂಭವವೇ ಹೆಚ್ಚು.

ಪ್ರವಾಸದಿಂದ ಮರಳಿದ ಮೇಲೆ ಉಳಿದ ನೋಟುಗಳನ್ನು ಅವಸರದಲ್ಲಿ ರೂಪಾಯಿ ಮಾಡಿಸಬೇಕಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ 180 ದಿನಗಳೊಳಗೆ ಒಪ್ಪಿಸಬೇಕು. ಮತ್ತೆ ಹೋಗುವ ಅಂದಾಜಿದ್ದರೆ ಇಟ್ಟುಕೊಳ್ಳುವುದೇ ಲಾಭ.