ಟೈಪಿಂಗ್ ಪ್ರಮಾಣಪತ್ರ: ಯಾರು ಕೊಟ್ಟದ್ದು ನಡೆಯುತ್ತದೆ?

ಕರ್ನಾಟಕದಲ್ಲಿ ಗುಮಾಸ್ತ ವರ್ಗದ ಹುದ್ದೆಗಳೆಲ್ಲಕ್ಕೂ ಟೈಪಿಂಗ್ ಪ್ರಮಾಣಪತ್ರ ಬೇಕಿಲ್ಲ. ಲೋಕಸೇವಾ ಆಯೋಗ ನೇಮಿಸುವ ದ್ವಿತೀಯ ದರ್ಜೆ ಸಹಾಯಕರಿಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ ಸಾಕು. ಬೆರಳಚ್ಚುಗಾರ ಹುದ್ದೆಯ ಮಾತು ಬೇರೆ. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೆ ಸಾಮಾನ್ಯವಾಗಿ ಪಿಯುಸಿಯ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸಾಗಿರಬೇಕು. ಒಂದು ಭಾಷೆಯಲ್ಲಿ ಸೀನಿಯರ್, ಇನ್ನೊಂದರಲ್ಲಿ ಜೂನಿಯರ್ ಇದ್ದವರ ಅರ್ಜಿ ಪರಿಶೀಲನೆಯಲ್ಲೇ ಬೀಳುತ್ತದೆ.

ಈ ಪರೀಕ್ಷೆ ನಡೆಸುವುದು ಹಿಂದಿನ ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ, ಅಂದರೆ ಇಂದಿನ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಕಲಿಸಿ, ಅಭ್ಯರ್ಥಿಗಳನ್ನು ಪರೀಕ್ಷೆಗೆ ಕೂರಿಸುತ್ತವೆ. ಕೋರ್ಸ್ ಮುಗಿಸಿದ್ದಕ್ಕೆ ಅವು ಕೊಡುವ ಪತ್ರ ಕಲಿತದ್ದಕ್ಕೆ ಸಾಕ್ಷಿಯೇ ಹೊರತು ಪಾಸಾದದ್ದಕ್ಕಲ್ಲ. ಎಷ್ಟೋ ಅಭ್ಯರ್ಥಿಗಳು ಎಡವುವುದು ಇಲ್ಲೇ. ಮಂಡಳಿಯ ಪರೀಕ್ಷೆಗೆ ತತ್ಸಮಾನವೆಂದು ಅಧಿಸೂಚನೆ ಹೆಸರಿಸಿದ್ದರೆ, ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾವೂ ನಡೆಯುತ್ತದೆ.

ಮಂಡಳಿಯ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಹತ್ತು ವರ್ಷದ ಹಿಂದೆ ಪಾಸಾದವರೂ ಅರ್ಜಿ ಹಾಕಬಹುದು. ನಿಜವಾದ ತೊಡಕು ಇರುವುದು ದಿನಾಂಕದಲ್ಲಿ. ಅರ್ಜಿಯ ಕೊನೆಯ ದಿನ ಆಗಸ್ಟ್ 10 ಎಂದುಕೊಳ್ಳೋಣ. ಅಭ್ಯರ್ಥಿ ಜುಲೈನಲ್ಲಿ ಪರೀಕ್ಷೆ ಬರೆದಿದ್ದು, ಫಲಿತಾಂಶ ಆಗಸ್ಟ್ 25ರಂದು ಬಂದರೆ, ನಿಗದಿತ ದಿನದಂದು ಅರ್ಹತೆ ಇರಲಿಲ್ಲವೆಂದೇ ಲೆಕ್ಕ. ಮುಂದೆ ದಾಖಲೆ ಪರಿಶೀಲನೆ ನಡೆಯುವ ಹೊತ್ತಿಗೆ ಪ್ರಮಾಣಪತ್ರ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಹೆಸರು, ತಂದೆಯ ಹೆಸರು ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಕಂಪ್ಯೂಟರ್ ಜ್ಞಾನದ ಪರೀಕ್ಷೆ ಇದರಿಂದ ಬೇರೆ. 2012ರ ನಿಯಮಗಳ ಪ್ರಕಾರ ರಾಜ್ಯ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಇದು ನೌಕರಿ ಸಿಕ್ಕ ಮೇಲಿನ ಷರತ್ತು. ಆದ್ದರಿಂದ ಖಾಸಗಿ ಕಂಪ್ಯೂಟರ್ ಸೆಂಟರಿನ ಪ್ರಮಾಣಪತ್ರ ಅದರ ಜಾಗ ತುಂಬುವುದಿಲ್ಲ. ಉತ್ತರ ಪ್ರದೇಶದಲ್ಲಿ ಕ್ರಮವೇ ತಿರುವುಮುರುವು: ಅಲ್ಲಿ ಕಿರಿಯ ಸಹಾಯಕ ಹುದ್ದೆಗೆ ಅರ್ಜಿ ಹಾಕುವಾಗಲೇ ಕೇಂದ್ರದ ನೀಲಿಟ್ ಸಂಸ್ಥೆಯ ಸಿಸಿಸಿ ಪ್ರಮಾಣಪತ್ರ ಅಥವಾ ಅದಕ್ಕೆ ಸಮನಾದದ್ದು ಬೇಕು.

ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗಳಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ಟೈಪಿಂಗ್ ಪ್ರಮಾಣಪತ್ರ ಕೇಳುವುದೇ ಇಲ್ಲ, ತಾನೇ ಪರೀಕ್ಷಿಸುತ್ತದೆ. ವೇಗ ನಿಮಿಷಕ್ಕೆ ಇಂಗ್ಲಿಷಿನಲ್ಲಿ 35 ಪದ ಅಥವಾ ಹಿಂದಿಯಲ್ಲಿ 30 ಪದ ಇರಬೇಕು. ಪದಕ್ಕೆ ಸರಾಸರಿ ಐದು ಕೀ ಒತ್ತು ಎಂದು ಹಿಡಿದರೆ ಇಂಗ್ಲಿಷಿನ ವೇಗ ಗಂಟೆಗೆ 10,500 ಒತ್ತುಗಳಾಗುತ್ತದೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ 1,750. ಅಲ್ಲಿನ ಫಲಿತಾಂಶ ಆ ನೇಮಕಾತಿಗೆ ಮಾತ್ರ ಸಲ್ಲುತ್ತದೆ. ಮುಂದಿನ ಬಾರಿ ಅರ್ಜಿ ಹಾಕಿದವರು ಮತ್ತೆ ಕೀಬೋರ್ಡಿನ ಮುಂದೆ ಕೂರಬೇಕು.