ತಡವಾಗಿ ಬಂದ ಟಿಕೆಟ್, ಎರಡು ಸಲ ಓಡಿದ ಜಾಬ್

ಒಂದು ಡೇಟಾಬೇಸಿನಲ್ಲಿ ಇರುವುದನ್ನೆಲ್ಲ ದಿನವೂ ಹೊಸದಾಗಿ ನಕಲು ಮಾಡುವ ಬದಲು, ಕಳೆದ ಸಲದ ನಂತರ ಸೇರಿದ್ದನ್ನಷ್ಟೇ ಎತ್ತಿ ಇನ್ನೊಂದು ಕಡೆ ಹಾಕುವ ಕೆಲಸಕ್ಕೆ ಇನ್‌ಕ್ರಿಮೆಂಟಲ್ ಲೋಡ್ ಎನ್ನುತ್ತಾರೆ. ಎಲ್ಲಿಯವರೆಗೆ ಓದಿ ಆಗಿದೆ ಎಂಬ ಗುರುತನ್ನು ಜಾಬ್ ಬರೆದಿಟ್ಟುಕೊಳ್ಳುತ್ತದೆ. ಈ ಗುರುತಿಗೆ ವಾಟರ್‌ಮಾರ್ಕ್ ಎಂದು ಹೆಸರು. ಮುಂದಿನ ಸಲ ಅದಕ್ಕಿಂತ ಈಚಿನದನ್ನು ಮಾತ್ರ ಓದಿದರೆ ಸಾಕು. ದಾಖಲೆಗಳು ಹುಟ್ಟಿದ ಕ್ರಮದಲ್ಲೇ ಬಂದು ಸೇರುತ್ತವೆ, ಜಾಬ್ ಎಂದೂ ಅರ್ಧಕ್ಕೆ ನಿಲ್ಲುವುದಿಲ್ಲ ಎಂದಾದರೆ ಇದರಲ್ಲಿ ತೊಡಕೇನೂ ಇಲ್ಲ. ಇವೆರಡೂ ಸುಳ್ಳಾಗುವ ಸಂದರ್ಭಗಳನ್ನು ಬೇಕೆಂದೇ ಸೃಷ್ಟಿಸಿ ನೋಡುವುದೇ ಇಂಥ ಜಾಬಿನ ಪರೀಕ್ಷೆ.

ಬಸ್ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೆಟ್‌ವರ್ಕ್ ಇದ್ದಾಗ ಯಂತ್ರ ಟಿಕೆಟ್‌ನ ವಿವರವನ್ನು ಕೂಡಲೇ ಕಳಿಸುತ್ತದೆ, ಇಲ್ಲದಿದ್ದರೆ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಘಟ್ಟದ ಊರಿನಲ್ಲಿ ನೈಟ್ ಹಾಲ್ಟ್ ಮಾಡುವ ಬಸ್ಸಿನ ಸಂಜೆಯ ಟಿಕೆಟ್‌ಗಳು ಕೇಂದ್ರ ಸರ್ವರ್ ಸೇರುವುದು ಮರುದಿನ ಬಸ್ ಕೆಳಗಿಳಿದ ಮೇಲೆಯೇ. ಲೋಡ್ ಜಾಬ್ ಓಡುವುದು ರಾತ್ರಿ 2 ಗಂಟೆಗೆ ಎಂದಿಟ್ಟುಕೊಳ್ಳೋಣ.

ಪರೀಕ್ಷೆಗೆ ಲಕ್ಷಗಟ್ಟಲೆ ದಾಖಲೆ ಬೇಕಿಲ್ಲ. ಕೈಯಲ್ಲೇ ಕೂಡಿ ಸರಿನೋಡಬಹುದಾದ ಆರು ಟಿಕೆಟ್ ಸಾಕು. 11ನೇ ತಾರೀಖು ‘ಕ’ ಯಂತ್ರದಲ್ಲಿ 17:30ಕ್ಕೆ 45 ರೂಪಾಯಿ, 21:10ಕ್ಕೆ 60 ರೂಪಾಯಿ. ‘ಗ’ ಯಂತ್ರದಲ್ಲಿ 23:40ಕ್ಕೆ 30 ರೂಪಾಯಿ. ಘಟ್ಟದ ಮೇಲಿರುವ ‘ಖ’ ಯಂತ್ರದಲ್ಲಿ ಅದೇ ಸಂಜೆ 18:10ಕ್ಕೆ 25, 18:25ಕ್ಕೆ 40 ರೂಪಾಯಿ. ಇವೆರಡು ಸರ್ವರ್ ತಲುಪುವುದು 12ರ ಬೆಳಿಗ್ಗೆ 9ಕ್ಕೆ. ಆರನೆಯದು 12ರ 07:15ಕ್ಕೆ ‘ಕ’ ಯಂತ್ರದಲ್ಲಿ ಕೊಟ್ಟ 45 ರೂಪಾಯಿಯ ಟಿಕೆಟ್.

12ರ ರಾತ್ರಿ 2ಕ್ಕೆ ಓಡಿದ ಜಾಬಿಗೆ ಸಿಗುವುದು ಮೂರೇ ಟಿಕೆಟ್, ಮೊತ್ತ 135. ಟಿಕೆಟ್ ಕೊಟ್ಟ ಸಮಯವನ್ನೇ ವಾಟರ್‌ಮಾರ್ಕ್ ಆಗಿ ಬಳಸಿದ್ದರೆ ಅದು 23:40ಕ್ಕೆ ನಿಲ್ಲುತ್ತದೆ. 13ರಂದು ಜಾಬ್ ಮತ್ತೆ ಓಡುವಾಗ 23:40ರ ನಂತರದ್ದು ಎಂದು ಎತ್ತುವುದು ಆರನೆಯ ಟಿಕೆಟ್ ಒಂದನ್ನೇ. 18:10 ಮತ್ತು 18:25ರ ಟಿಕೆಟ್‌ಗಳು ಗುರುತಿನ ಹಿಂದೆ ಬಿದ್ದಿವೆ, ಅವನ್ನು ಇನ್ನೆಂದೂ ಯಾರೂ ಓದುವುದಿಲ್ಲ. 200 ಆಗಬೇಕಿದ್ದ 11ನೇ ತಾರೀಖಿನ ವಸೂಲಿ 135ರಲ್ಲೇ ಉಳಿಯುತ್ತದೆ. ಜಾಬ್ ಮಾತ್ರ ಯಶಸ್ವಿ ಎಂದು ಹಸಿರು ತೋರಿಸುತ್ತದೆ, ಲಾಗಿನಲ್ಲಿ ಒಂದು ಎಚ್ಚರಿಕೆಯೂ ಇರುವುದಿಲ್ಲ. ಹಾಗಾಗಿ ಜಾಬ್ ಮುಗಿಯಿತೇ ಎಂದು ಕೇಳುವ ಪರೀಕ್ಷೆಯಿಂದ ಉಪಯೋಗವಿಲ್ಲ. ಎರಡನೆಯ ಓಟದ ನಂತರ 11ನೇ ತಾರೀಖಿನ ಮೊತ್ತ 200 ಇದೆಯೇ ಎಂದೇ ಕೇಳಬೇಕು.

ಸಾಮಾನ್ಯ ಪರಿಹಾರವೆಂದರೆ ವಾಟರ್‌ಮಾರ್ಕ್‌ನಿಂದ ಮೂರು ದಿನ ಹಿಂದಕ್ಕೆ ಹೋಗಿ ಓದುವುದು. ಆಗ ಎರಡನೆಯ ಓಟಕ್ಕೆ ಆರೂ ಟಿಕೆಟ್ ಸಿಗುತ್ತವೆ, ಆದರೆ ಅವುಗಳಲ್ಲಿ ಮೂರು ಆಗಲೇ ಒಳಗಿವೆ. ಕಣ್ಣುಮುಚ್ಚಿ ಸೇರಿಸಿದರೆ 11ನೇ ತಾರೀಖಿನ ಮೊತ್ತ 335 ಆಗುತ್ತದೆ. ಆದ್ದರಿಂದ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎಂಬ ರೀತಿಯಲ್ಲಿ ಬರೆಯಬೇಕಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅದು ಹೀಗಿರುತ್ತದೆ:

```sql
INSERT INTO tickets AS t
  (machine_no, ticket_no, sold_at, amount, updated_at)
SELECT machine_no, ticket_no, sold_at, amount, updated_at
FROM staging
ON CONFLICT (machine_no, ticket_no) DO UPDATE
SET amount = EXCLUDED.amount,
    updated_at = EXCLUDED.updated_at
WHERE EXCLUDED.updated_at > t.updated_at;
```

ಯಂತ್ರದ ಸಂಖ್ಯೆ ಮತ್ತು ಟಿಕೆಟ್ ಸಂಖ್ಯೆ ಸೇರಿ ಇಲ್ಲಿ ಟಿಕೆಟ್‌ನ ಗುರುತು. ಯಂತ್ರ ರಿಪೇರಿಯಾದಾಗ ಟಿಕೆಟ್ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುವುದಾದರೆ ತಾರೀಖನ್ನೂ ಗುರುತಿಗೆ ಸೇರಿಸಬೇಕು. ಇಲ್ಲವಾದರೆ ಹೊಸ ಟಿಕೆಟ್ ಹಳೆಯದರ ಮೊತ್ತವನ್ನು ಅಳಿಸಿ ಅಲ್ಲಿ ಕೂರುತ್ತದೆ. ಕೊನೆಯ ಸಾಲನ್ನು ಹಲವರು ಬರೆಯದೆ ಬಿಡುತ್ತಾರೆ. ಅದರ ಕೆಲಸ ತಿಳಿಯಲು ಒಂದು ಪರೀಕ್ಷೆ ಮಾಡಬಹುದು: 60 ರೂಪಾಯಿಯ ಟಿಕೆಟ್ 21:15ಕ್ಕೆ ರದ್ದಾಗಿ ಮೊತ್ತ ಸೊನ್ನೆಯಾಗಿದೆ, ಆ ಸುದ್ದಿ ಮೊದಲು ತಲುಪಿ, 21:10ರ ಮೂಲ ದಾಖಲೆ ಆಮೇಲೆ ಬಂದಿದೆ. ಸರಿಯಾದ ಮೊತ್ತ 140. ಕೊನೆಯ ಸಾಲಿಲ್ಲದಿದ್ದರೆ ಹಳೆಯದು ಹೊಸದರ ಮೇಲೆ ಕೂತು ಮತ್ತೆ 200 ಬರುತ್ತದೆ. ಒಂದೇ ಕಂತಿನಲ್ಲಿ ಒಂದೇ ಟಿಕೆಟ್ ಎರಡು ಸಲ ಬರುವ ಸಂದರ್ಭವನ್ನೂ ಪರೀಕ್ಷೆಗೆ ಸೇರಿಸಬೇಕು. ಹಾಗಾದಾಗ ಪೋಸ್ಟ್‌ಗ್ರೆಸ್ ಒಂದೇ ಸಾಲನ್ನು ಎರಡು ಬಾರಿ ತಿದ್ದಲಾಗದು ಎಂದು ಇಡೀ ಆದೇಶವನ್ನೇ ತಿರಸ್ಕರಿಸುತ್ತದೆ. ಹಾಗಾಗಿ ಪ್ರತಿ ಟಿಕೆಟ್‌ನ ಕೊನೆಯ ರೂಪವನ್ನು ಮಾತ್ರ ಮೊದಲೇ ಆರಿಸಿಟ್ಟುಕೊಳ್ಳಬೇಕು.

ಟಿಕೆಟ್ ಕೊಟ್ಟ ಸಮಯದ ಬದಲು ಅದು ಸರ್ವರ್‌ಗೆ ಬಂದ ಸಮಯವನ್ನೇ ವಾಟರ್‌ಮಾರ್ಕ್ ಮಾಡಿಕೊಂಡರೆ ಹೆಚ್ಚಿನ ತೊಂದರೆ ನೀಗುತ್ತದೆ, ಪೂರ್ತಿ ಅಲ್ಲ. ಪೋಸ್ಟ್‌ಗ್ರೆಸ್‌ನ `now()` ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಹೊತ್ತನ್ನು. 01:59:50ಕ್ಕೆ ಶುರುವಾದ ದೊಡ್ಡ ಕಂತು 02:00:20ಕ್ಕೆ ಮುಗಿದರೆ, 2 ಗಂಟೆಗೆ ಓದುವ ಜಾಬಿಗೆ ಅದು ಕಾಣುವುದಿಲ್ಲ. 01:59:58ರ ಇನ್ನೊಂದು ಕಂತು ಆಗಲೇ ಮುಗಿದಿದ್ದರೆ ವಾಟರ್‌ಮಾರ್ಕ್ ಅಲ್ಲಿಗೆ ಹೋಗಿ, ಮೊದಲನೆಯದು ಹಿಂದೆ ಉಳಿದುಬಿಡುತ್ತದೆ. ಆದ್ದರಿಂದ ಇಲ್ಲಿಯೂ ಕೆಲವು ನಿಮಿಷ ಹಿಂದಕ್ಕೆ ಹೋಗಿ ಓದಬೇಕು. ಇದನ್ನು ಪರೀಕ್ಷಿಸಲು ಎರಡು ಸಂಪರ್ಕ ತೆರೆದು, ಒಂದರಲ್ಲಿ ಟ್ರಾನ್ಸಾಕ್ಷನ್ ಮುಗಿಸದೆ ಹಿಡಿದಿಟ್ಟು, ಅಷ್ಟರಲ್ಲಿ ಜಾಬ್ ಓಡಿಸಬೇಕು. ಜಾಬ್ ತನ್ನ ‘ಈಗ’ವನ್ನು ಗಡಿಯಾರದಿಂದ ತೆಗೆದುಕೊಳ್ಳದೆ ಹೊರಗಿನಿಂದ ಪಡೆಯುವಂತಿದ್ದರೆ ಮಾತ್ರ ಇಂಥ ಪರೀಕ್ಷೆ ಪ್ರತಿ ಸಲ ಒಂದೇ ಫಲ ಕೊಡುತ್ತದೆ.

ಇನ್ನು ಜಾಬ್ ಅರ್ಧಕ್ಕೆ ನಿಂತರೇನು ಎಂಬ ಪ್ರಶ್ನೆ. ಜಾಬ್ ಮಾಡುವುದು ಎರಡು ಬರಹ: ದಾಖಲೆಗಳು ಮತ್ತು ಹೊಸ ವಾಟರ್‌ಮಾರ್ಕ್. ವಾಟರ್‌ಮಾರ್ಕ್ ಮೊದಲು ಬರೆದು ಆಮೇಲೆ ಜಾಬ್ ಬಿದ್ದರೆ, ನಡುವಿನ ದಾಖಲೆಗಳು ಕಾಯಂ ಆಗಿ ಹೋದವು. ದಾಖಲೆ ಮೊದಲು ಬರೆದು ಆಮೇಲೆ ಬಿದ್ದರೆ, ಅವೇ ದಾಖಲೆಗಳು ಮರುಓಟದಲ್ಲಿ ಮತ್ತೆ ಬರುತ್ತವೆ. ಮೇಲಿನ ಆದೇಶ ಇದ್ದರೆ ಅದರಿಂದ ಹಾನಿಯಿಲ್ಲ. ಎರಡೂ ಒಂದೇ ಡೇಟಾಬೇಸಿನಲ್ಲಿದ್ದರೆ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಪರೀಕ್ಷೆಯಲ್ಲಿ ಜಾಬನ್ನು ಬೇಕೆಂದೇ ಬೀಳಿಸುತ್ತಾರೆ: ಓದಿದ ಮೇಲೆ, ಅರ್ಧ ಬರೆದ ಮೇಲೆ, ದಾಖಲೆ ಬರೆದು ವಾಟರ್‌ಮಾರ್ಕ್ ಬರೆಯುವ ಮುಂಚೆ. ಪ್ರತಿ ಸಲವೂ ಮತ್ತೆ ಓಡಿಸಿ, ಬಂದ ಟೇಬಲನ್ನು ಖಾಲಿ ಟೇಬಲಿಗೆ ಎಲ್ಲವನ್ನೂ ಒಂದೇ ಸಲ ತುಂಬಿದಾಗ ಸಿಗುವ ಟೇಬಲಿನೊಂದಿಗೆ ಸಾಲುಸಾಲಾಗಿ ಹೋಲಿಸುತ್ತಾರೆ. ಪ್ರೋಗ್ರಾಮಿನೊಳಗೆ ಎರರ್ ಎಸೆದರೆ ಮಾತ್ರ ಸಾಲದು. ಎರರ್ ಬಂದಾಗ ಪ್ರೋಗ್ರಾಂ ತನ್ನ ಕಸ ತಾನೇ ಗುಡಿಸುತ್ತದೆ. ಸರ್ವರ್‌ನ ಕರೆಂಟ್ ಹೋದರೆ ಗುಡಿಸುವವರು ಯಾರೂ ಇಲ್ಲ. ಅದಕ್ಕೆ `kill -9` ಕೊಟ್ಟೂ ನೋಡಬೇಕು. ಅರ್ಧ ತುಂಬಿದ `staging` ಟೇಬಲ್ ಹಾಗೇ ಉಳಿದು ಮುಂದಿನ ಓಟಕ್ಕೆ ಬೆರೆಯುವುದು ಆಗಲೇ ಕಣ್ಣಿಗೆ ಬೀಳುವುದು.

ದಿನದ ವಸೂಲಿಯ ಸಾರಾಂಶ ಟೇಬಲ್ ಇದ್ದರೆ ಅದನ್ನೂ ಈ ಪರೀಕ್ಷೆಗಳಿಗೆ ಒಡ್ಡಬೇಕು. ಹಳೆಯ ಮೊತ್ತಕ್ಕೆ ಹೊಸದನ್ನು ಕೂಡುವ ಸಾರಾಂಶ ಮರುಓಟದಲ್ಲಿ ಉಬ್ಬುತ್ತದೆ, ಕೆಳಗಿನ ಟಿಕೆಟ್ ಟೇಬಲ್ ಸರಿಯಿದ್ದರೂ. ಯಾವ ತಾರೀಖಿನ ಟಿಕೆಟ್ ಬದಲಾಯಿತೋ ಆ ತಾರೀಖಿನ ಮೊತ್ತವನ್ನು ಮೊದಲಿನಿಂದ ಲೆಕ್ಕಹಾಕಿ ಬದಲಿಸುವುದೇ ಸರಿ.

ಮೂರು ದಿನದ ಕಿಟಕಿಗೂ ಮಿತಿಯಿದೆ. ಕೆಟ್ಟುಹೋಗಿ ಹತ್ತು ದಿನ ಡಿಪೋದಲ್ಲಿ ಬಿದ್ದಿದ್ದ ಯಂತ್ರದ ಟಿಕೆಟ್‌ಗಳು ಅದರೊಳಗೆ ಬರುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಹತ್ತು ದಿನ ತಡವಾದ ಒಂದು ಟಿಕೆಟ್ ಇರಲೇಬೇಕು, ಮತ್ತು ಅದು ಸದ್ದಿಲ್ಲದೆ ತಪ್ಪಿಹೋಗದೆ ಯಾರಿಗಾದರೂ ಎಚ್ಚರಿಕೆ ಹೋಗಬೇಕು ಎಂಬುದು ನಿರೀಕ್ಷಿತ ಫಲವಾಗಿರಬೇಕು. ವಾರಕ್ಕೊಮ್ಮೆ ಕಳೆದ ಮೂವತ್ತು ದಿನಗಳ ಎಣಿಕೆ ಮತ್ತು ಮೊತ್ತವನ್ನು ತಾರೀಖುವಾರು ಎರಡೂ ಕಡೆ ಹೋಲಿಸುವ ಪ್ರತ್ಯೇಕ ತಪಾಸಣೆ ಈ ಕೆಲಸ ಮಾಡುತ್ತದೆ. ಮೂಲದಲ್ಲಿ ಅಳಿಸಿಹಾಕಿದ ದಾಖಲೆ ಪತ್ತೆಯಾಗುವುದೂ ಇದರಿಂದಲೇ, ಏಕೆಂದರೆ ಇಲ್ಲದ ಸಾಲನ್ನು ಯಾವ ವಾಟರ್‌ಮಾರ್ಕ್ ಕೂಡ ಎತ್ತಿಕೊಡಲಾರದು.